ನಂಬ್ರ ಇಪ್ಪತ್ತಮೂರು

ಶನಿವಾರದ ಭಜನೆಗೆ ಚೆನ್ನಕೇಶವ ಮಾವ ಬಾರದೆ ಆರು ತಿಂಗಳಾಗಿತ್ತು. ಅದಕ್ಕೆ ಕಾರಣ ಇರುವೆಯಷ್ಟು ಸಣ್ಣ ಅಕ್ಷರ ಎಂದು ಸೇವಂತಿ ತೀರ್ಮಾನಿಸಿದ್ದಳು.

ಸೇವಂತಿ ತೀರ್ಮಾನಿಸಿದ ಮೇಲೆ ಅದನ್ನು ಅಲ್ಲಾಡಿಸುವವರು ಪಂಜದ ಆಸುಪಾಸಿನಲ್ಲಿ ಯಾರೂ ಇಲ್ಲ. ಮೂವತ್ತೆರಡು ವರ್ಷ ಅಂಗನವಾಡಿ ನಡೆಸಿ, ಊರಿನ ಅರ್ಧಕ್ಕರ್ಧ ಜನರ ಮೂಗು ಒರೆಸಿ, ಅವರಿಗೆ ಅಆಇಈ ತಿದ್ದಿಸಿ ನಿವೃತ್ತಳಾದ ಹೆಂಗಸು. ಕೋಪ ಮೂಗಿನ ತುದಿಯಲ್ಲೇ. ಈಗ ಭಜನಾ ಮಂಡಳಿಯ ಕಾರ್ಯದರ್ಶಿ. ಮಂಡಳಿಯಲ್ಲಿ ಒಬ್ಬ ಅಧ್ಯಕ್ಷನೂ ಇದ್ದಾನೆ, ಹರಿಪ್ರಸಾದ್ ಎಂದು ಹೆಸರು. ಆದರೆ ಅಧ್ಯಕ್ಷನಿಗೆ ಬೇಕಾದದ್ದು ಮೈಕು, ಉಳಿದ ಕೆಲಸವೆಲ್ಲ ಕಾರ್ಯದರ್ಶಿಯದ್ದು.

ಚೆನ್ನಕೇಶವ ಮಾವ ಊರಿಗೆಲ್ಲ ಮಾವ. ಎಪ್ಪತ್ತೊಂಬತ್ತು ವರ್ಷ. ನಲವತ್ತು ವರ್ಷ ಭಜನಾ ಮಂದಿರದಲ್ಲಿ ಮುಂದೆ ಕೂತು ಹಾಡಿ, ಉಳಿದವರಿಂದ ಹಾಡಿಸಿದ ಮನುಷ್ಯ. ಮಂದಿರದ ಹಿತ್ತಾಳೆಯ ತಾಳ ಯಾವತ್ತೂ ಅವರ ಹತ್ತಿರವೇ, ಮನೆಗೂ ಅವರೇ ಒಯ್ಯುವುದು. ಎರಡು ವರ್ಷದಿಂದ ಅವರ ಕಣ್ಣಿಗೆ ನಟ್ಟನಡುವೆ ಒಂದು ಮಸುಕು. ಕನ್ನಡಕ ಬದಲಿಸಿದರೂ ಹೋಗದ್ದು, ಆಪರೇಷನ್ನಿಗೂ ಬಗ್ಗದ್ದು. ರಾಗ, ತಾಳ, ಪಲ್ಲವಿ ಎಲ್ಲ ಬಾಯಿಗೇ ಬರುತ್ತದೆ. ಚರಣಗಳು ಮಾತ್ರ ಹಿಂದೆಮುಂದೆ ಆಗತೊಡಗಿದವು. ಒಂದು ಶನಿವಾರ ಎರಡನೇ ಚರಣ ಮುಗಿಸಿ ನಾಲ್ಕನೆಯದಕ್ಕೆ ಹಾರಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮರುವಾರದಿಂದ ಮಾವ ಬರಲಿಲ್ಲ.

ಮಂಡಳಿಯ ಹಳೆಯ ಪುಸ್ತಕ ಅಂಗಿಯ ಕಿಸೆಗೆ ಹಿಡಿಸುವಂಥದ್ದು. ಐವತ್ತೊಂದು ಹಾಡು, ಒಂದರ ಬಾಲಕ್ಕೆ ಇನ್ನೊಂದರ ತಲೆ. ಚರಣ ಮುಗಿದಲ್ಲಿ ಎರಡು ಗೆರೆಗಳ ನಡುವೆ ಒಂದು ‘ಪ’, ಅಂದರೆ ಪಲ್ಲವಿಗೆ ವಾಪಸು ಹೋಗಿ ಎಂದರ್ಥ. ಕಣ್ಣು ಸರಿ ಇದ್ದವರೇ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ದಾರಿ ತಪ್ಪುತ್ತಾರೆ, ಇನ್ನು ಮುದುಕರ ಪಾಡು ಕೇಳಬೇಕೆ. ಅದರ ಮೇಲೆ ಆ ಮಂದಿರದ್ದೊಂದು ಕ್ರಮ ಉಂಟು. ಹಾಡಿನ ಹೆಸರು ಹೇಳಲಿಕ್ಕಿಲ್ಲ, ನಂಬ್ರ ಮಾತ್ರ. ಭಜನೆಯ ನಡುವೆ ಮಾತಿಗೆ ಜಾಗ ಇರಬಾರದು ಎಂದು ಹಿಂದಿನವರು ಮಾಡಿಟ್ಟದ್ದು. ಸೇವಂತಿ ನಂಬ್ರ ಕೂಗುತ್ತಾಳೆ, ಹಾರ್ಮೋನಿಯಂನ ಜಯಪ್ರಕಾಶ ಶ್ರುತಿ ಹಿಡಿದು ಕಾಯುತ್ತಾನೆ, ಮುಂದಾಳು ಪಲ್ಲವಿ ಎತ್ತುತ್ತಾನೆ, ಎಲ್ಲರೂ ಅದನ್ನೇ ತಿರುಗಿ ಹಾಡುತ್ತಾರೆ. ಹೀಗಾಗಿ ಊರಿನವರಿಗೆ ಹಾಡೆಂದರೆ ನಂಬ್ರವೇ. ಇಪ್ಪತ್ತಮೂರು ಅಂದರೆ ಚೆನ್ನಕೇಶವ ಮಾವನ ಹಾಡು ಎಂದು ಚಿಕ್ಕ ಮಕ್ಕಳೂ ಹೇಳುತ್ತಾರೆ.

ಮಾವನಂಥವರು ಒಟ್ಟು ಹನ್ನೆರಡು ಜನ ಇದ್ದರು. ಹನ್ನೆರಡು ದೊಡ್ಡಕ್ಷರದ ಪುಸ್ತಕ ಮಾಡಿಸುವುದೆಂದು ಸೇವಂತಿ ಹೊರಟಳು.

ಪುತ್ತೂರಿನ ದರ್ಬೆಯಲ್ಲಿ, ಮುಖ್ಯರಸ್ತೆಯ ಮೇಲೆ, ಮುನೀರಾಳ ಡಿಟಿಪಿ ಅಂಗಡಿ. ಅಕ್ಷರ ಜೋಡಣೆ ಅವಳದು, ಜೆರಾಕ್ಸ್ ಮತ್ತು ಸ್ಪೈರಲ್ ಅವಳ ತಮ್ಮ ನೌಷಾದನದು. ಪಂಚಾಯತಿನ ಅರ್ಜಿಯಿಂದ ಮದುವೆ ಕಾಗದದ ತನಕ ಎಲ್ಲ ಜಾತಿಯ ಎಲ್ಲ ದೇವರ ಕೆಲಸವೂ ಆ ಕಂಪ್ಯೂಟರಿನಲ್ಲಿ ಆಗಿಹೋಗಿದೆ. ಸೇವಂತಿ ಮೂರು ಸೋಮವಾರ ಕಾಣಿಯೂರು ದಾರಿಯ ಬಸ್ಸು ಹಿಡಿದು ಹೋಗಿ ಅವಳ ಪಕ್ಕದಲ್ಲಿ ಕೂತಳು.

“ಅಕ್ಷರ ಇಪ್ಪತ್ತೆರಡು ಪಾಯಿಂಟು ಇಡ್ತೇನೆ ಅಕ್ಕ. ಆದ್ರೆ ಚಿಕ್ಕ ಪುಸ್ತಕದಲ್ಲಿ ಹಾಕಿದ್ರೆ ಸಾಲು ಅರ್ಧಕ್ಕೇ ತುಂಡಾಗ್ತದೆ. ಎ-ಫೋರ್ ಆಗ್ಬೇಕು,” ಎಂದಳು ಮುನೀರಾ.

“ಅಷ್ಟು ದೊಡ್ಡದನ್ನು ಹಿಡಿಯುದು ಹೇಗೆ ಮಾರಾಯ್ತಿ? ಎರಡೂ ಕೈಯಲ್ಲಿ ತಾಳ ಇರ್ತದೆ.”

“ಹಿಡಿಯುದು ಯಾಕೆ? ಸ್ಪೈರಲ್ ಹಾಕಿದ್ರೆ ಅಗಲಕ್ಕೆ ಬಿಡಿಸಿದ್ದು ಹಾಗೆಯೇ ಬಿದ್ದಿರ್ತದೆ. ಮಣೆಯ ಮೇಲೆ ಇಟ್ರಾಯ್ತು.”

ಹುಡುಗಿಗೆ ತಲೆ ಇತ್ತು, ಸೇವಂತಿಗೆ ಅದು ಹಿಡಿಸಿತು. ಇಬ್ಬರೂ ಸೇರಿ ಒಂದೊಂದೇ ನಿಶ್ಚಯಿಸಿದರು. ಹಾಡು ಎಡಪುಟದಲ್ಲಿ ಶುರುವಾಗಿ ಎದುರಿನ ಬಲಪುಟದಲ್ಲಿ ಮುಗಿಯಬೇಕು, ಹಾಡಿನ ನಡುವೆ ಹಾಳೆ ತಿರುಗಿಸುವ ಕೆಲಸ ಇರಬಾರದು. ಚಿಕ್ಕ ಹಾಡಾದರೆ ಉಳಿದ ಜಾಗ ಖಾಲಿ ಇರಲಿ. ಚರಣದ ಅಂಕೆ ಎಡಗಡೆಯ ಅಂಚಿನಲ್ಲಿ, ಸಾಲಿನಿಂದ ಹೊರಗೆ, ಕಾಸಿನಗಲ. ಪಲ್ಲವಿ ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಉದ್ದಕ್ಕೆ ಒಂದು ಕಪ್ಪು ಪಟ್ಟಿ, ಮೇಲೆ ‘ಎಲ್ಲರೂ’ ಎಂಬ ಮಾತು. ಪ್ರತಿ ಚರಣದ ಕೆಳಗೂ ಬರೀ ‘ಪ’ ಅಲ್ಲ, ಪಲ್ಲವಿಯನ್ನೇ ಪೂರ್ತಿ ಮತ್ತೆ ಅಚ್ಚು ಮಾಡುವುದು. ಟ್ಯೂಬ್‌ಲೈಟಿಗೆ ಮಿನುಗುವ ಕಾಗದ ಬೇಡ. ಪುಟದ ಅಂಕೆಯೂ ಬೇಡ, ಮುದುಕರು ಅದನ್ನೇ ಹಾಡಿನ ನಂಬ್ರ ಎಂದುಕೊಂಡಾರು.

“ನಂಬ್ರ ಮಾತ್ರ ಹಳೇ ಪುಸ್ತಕದ್ದೇ,” ಎಂದು ಸೇವಂತಿ ಬೆರಳೆತ್ತಿದಳು. “ಎಂಬತ್ತು ಜನರ ಕೈಯಲ್ಲಿ ಚಿಕ್ಕದು, ಹನ್ನೆರಡು ಜನರ ಕೈಯಲ್ಲಿ ದೊಡ್ಡದು. ನಾನು ಹದಿನಾಲ್ಕು ಅಂದ್ರೆ ಎರಡರಲ್ಲೂ ಹದಿನಾಲ್ಕೇ ಆಗ್ಬೇಕು.”

“ಗೊತ್ತುಂಟು ಅಕ್ಕ. ಹೊಸ ಹಾಡು ಬಂದ್ರೆ ಕೊನೆಗೆ ಐವತ್ತೆರಡು. ಮುಂದೆ ಸೇರಿಸ್ಲಿಕ್ಕೆ ಇಲ್ಲ.”

ಮಾದರಿಗೆಂದು ಇಪ್ಪತ್ತಮೂರನೆಯ ಹಾಡಿನ ಎರಡು ಹಾಳೆ ಹಿಡಿದುಕೊಂಡು ಸೇವಂತಿ ನೇರ ಚೆನ್ನಕೇಶವ ಮಾವನ ಜಗಲಿಗೆ ಹೋದಳು. ಮಾವ ಹಾಳೆಯನ್ನು ಸ್ವಲ್ಪ ಓರೆ ಹಿಡಿದು, ಮಸುಕನ್ನು ತಪ್ಪಿಸಿ, ಅಂಚಿನ ದೃಷ್ಟಿಯಲ್ಲಿ ನೋಡಿದರು. ಬೆರಳು ಅಂಕೆ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಇಳಿಯಿತು. ತಪ್ಪಲಿಲ್ಲ.

“ಇದಾದ್ರೆ ಬರ್ತೇನೆ,” ಎಂದರು. “ಇದರಲ್ಲೂ ತಪ್ಪಿದ್ರೆ ಮತ್ತೆ ನನ್ನ ಮಂಡೆಯೇ ಹಾಳಾದದ್ದು ಅಂತ ಲೆಕ್ಕ. ಆಗ ತಾಳ ತಂದು ಮಂದಿರಕ್ಕೆ ಕೊಟ್ಟುಬಿಡುದು.”

“ತಪ್ಪುದಿಲ್ಲ ಮಾವ. ನಾನು ಜವಾಬ್ದಾರಿ,” ಎಂದಳು ಸೇವಂತಿ.

ಪುಸ್ತಕ ಬಂದದ್ದು ಶನಿವಾರ ಸಂಜೆ, ದೀಪ ಹಚ್ಚಿದ ಮೇಲೆ, ಹರಿಪ್ರಸಾದನ ಕಾರಿನಲ್ಲಿ. ಪುತ್ತೂರಿಗೆ ಹೋದವನು ತಾನೇ ತರುತ್ತೇನೆಂದಿದ್ದ. ಹನ್ನೆರಡನ್ನೂ ಕೆಂಪು ಕಾಗದದಲ್ಲಿ ಸುತ್ತಿ, ಜರಿದಾರ ಕಟ್ಟಿ ತಂದಿದ್ದ. ಬಿಡುಗಡೆ, ಫೋಟೋ, ಚಪ್ಪಾಳೆ ಎಲ್ಲ ಆಯಿತು. ಆಮೇಲೆ ತಾನೇ ಬರೆದ ಗಣಪತಿಯ ಹಾಡೊಂದನ್ನು ಮೊಬೈಲು ನೋಡಿಕೊಂಡು ಮೈಕಿನಲ್ಲಿ ಹಾಡಿದ. ಹಾಡು ಅಂಥ ಕೆಟ್ಟದೇನಲ್ಲ, ಹಾಡಿದವನೇ ಕಣ್ಣು ಮುಚ್ಚಿ ಮೆಚ್ಚಿಕೊಂಡದ್ದು ಮಾತ್ರ ಸ್ವಲ್ಪ ಜಾಸ್ತಿಯಾಯಿತು. ಸೇವಂತಿಗೆ ಹೊಸ ಪುಸ್ತಕ ಬಿಡಿಸಿ ನೋಡಲು ಪುರುಸೊತ್ತೇ ಆಗಲಿಲ್ಲ. ಅವಳ ಕಣ್ಣು ಸರಿ ಇತ್ತು, ಕೈಯಲ್ಲಿ ಹಳೆಯದೇ ಇತ್ತು.

ಚೆನ್ನಕೇಶವ ಮಾವ ಮುಂದಿನ ಸಾಲಿನಲ್ಲಿ, ಆರು ತಿಂಗಳ ಹಿಂದಿನ ಜಾಗದಲ್ಲೇ ಕೂತಿದ್ದರು. ಒಗೆದ ಬಿಳಿ ಪಂಚೆ, ಎದುರಿಗೆ ಮಣೆ, ಮಣೆಯ ಮೇಲೆ ದೊಡ್ಡ ಪುಸ್ತಕ. ಸೇವಂತಿಗೆ ಎದೆ ತುಂಬಿ ಬಂತು.

“ನಂಬ್ರ ಇಪ್ಪತ್ತಮೂರು,” ಎಂದು ಕೂಗಿದಳು.

ಮಾವ ಹಾಳೆ ಮಗುಚಿದರು, ಮೂಲೆಯ ದೊಡ್ಡ ಅಂಕೆಯ ಮೇಲೆ ಬೆರಳಿಟ್ಟರು, ತಾಳ ಎತ್ತಿದರು. ಒಂದು ಕ್ಷಣ ತಡೆದರು. ಆಮೇಲೆ ಎತ್ತಿದ ಸ್ವರದಲ್ಲಿ “ಬೆಣ್ಣೆಯ ಗಡಿಗೆ ಬರಿದಾಯ್ತಲ್ಲೋ” ಎಂದು ಶುರು ಮಾಡಿದರು.

ಅದು ಇಪ್ಪತ್ತೆರಡು. ಎಂಬತ್ತು ಜನ ಇಪ್ಪತ್ತಮೂರು ಬಿಡಿಸಿಕೊಂಡು ಕೂತಿದ್ದರು. ಅರ್ಧ ಜನ “ದೋಣಿಯೂ ನಿನ್ನದು ದಡವೂ ನಿನ್ನದು” ಎಂದು ಪುಸ್ತಕ ನೋಡಿ ಹಾಡಿದರು, ದೊಡ್ಡ ಪುಸ್ತಕವನ್ನು ಇನ್ನೂ ಮಗುಚುತ್ತಿದ್ದ ಮುದುಕರೂ ಸೇರಿ ಕಾಲು ಭಾಗ ಮಾವನ ಹಿಂದೆ ಬೆಣ್ಣೆಗೆ ಹೋದರು, ಉಳಿದವರು ಬಾಯಿ ತೆರೆದು ಕೂತರು. ತಬಲದವನಿಗೆ ಯಾವ ತಾಳ ಹಿಡಿಯುವುದೆಂದು ತಿಳಿಯಲಿಲ್ಲ. ಹಿಂದಿನಿಂದ ಅದೇ ಕಿಸಕ್ಕು ಕೇಳಿಸಿತು.

“ಅಜ್ಜಾ, ಇಪ್ಪತ್ತಮೂರು! ನೀವು ಹಾಡುದು ಇಪ್ಪತ್ತೆರಡು,” ಎಂದ ಹರಿಪ್ರಸಾದ್, ಅದೂ ಮೈಕಿನಲ್ಲಿ.

ಮಾವ ಪುಸ್ತಕಕ್ಕೆ ಬಗ್ಗಿ ನೋಡಿದರು. ಕಣ್ಣುಜ್ಜಿ ಮತ್ತೆ ನೋಡಿದರು. ಆಗ ಸೇವಂತಿ ಅಡ್ಡ ಸಾಲಿನಿಂದ, ಪಿಸುಮಾತಾದರೂ ಸಿಟ್ಟಿನಲ್ಲೇ, “ನಂಬ್ರ ಸರಿ ನೋಡಿ ಮಾವ!” ಎಂದುಬಿಟ್ಟಳು. ಅಂಗನವಾಡಿಯ ಮಕ್ಕಳಿಗೆ ಹೇಳುವ ಅದೇ ಧ್ವನಿಯಲ್ಲಿ.

ಮಾವ ಪುಸ್ತಕ ಮುಚ್ಚಿದರು. ತಾಳವನ್ನು ಹೆಗಲ ಮೇಲಿನ ಬೈರಾಸು ಬಟ್ಟೆಯಲ್ಲಿ ಸುತ್ತಿಕೊಂಡರು. “ನನ್ನ ಮಂಡೆ ಹೋಯ್ತು, ಸೇವಂತಿ,” ಎಂದು ಮೆಲ್ಲಗೆ ಹೇಳಿ, ಕಂಬ ಹಿಡಿದು ಎದ್ದು, ಮೆಟ್ಟಿಲಿಳಿದು ಹೋದರು.

ಮರುದಿನ ದೇವಕಿಯಮ್ಮ ದೊಡ್ಡ ಪುಸ್ತಕವನ್ನು ಸೆರಗಿನೊಳಗೆ ಹಿಡಿದುಕೊಂಡು ಸೇವಂತಿಯ ಮನೆಗೆ ಬಂದಳು. ಹನ್ನೆರಡು ಜನರಲ್ಲಿ ಅವಳೂ ಒಬ್ಬಳು.

“ತಿರುಗಿಸ್ಲಿಕ್ಕೆ ಇಲ್ಲ ಅಂತ ಹೇಳಿದ್ದಿ ನೀನು. ಇದು ಎಂತ? ಪ್ರತಿ ಹಾಡಿಗೂ ನಡುವೆ ಹಾಳೆ ಮಗುಚುದೇ ಕೆಲಸ.”

ಸೇವಂತಿ ಪುಸ್ತಕ ಕಸಿದುಕೊಂಡಳು. ಹೌದು, ಎಡಗಡೆ ಶುರುವಾಗಬೇಕಾದ ಹಾಡುಗಳೆಲ್ಲ ಬಲಗಡೆಗೆ ಬಂದು ಕೂತಿದ್ದವು. ಇಪ್ಪತ್ತಮೂರು ಬಿಡಿಸಿದಳು. ಬೆಣ್ಣೆಯ ಗಡಿಗೆ! ಹದಿನಾಲ್ಕಕ್ಕೆ ಹದಿಮೂರು, ನಲವತ್ತಕ್ಕೆ ಮೂವತ್ತೊಂಬತ್ತು. ಕೊನೆಗೆ ಮೊದಲ ಪುಟಕ್ಕೆ ಹೋದಳು. ನಂಬ್ರ ಒಂದು, ಗಣಪತಿ, ರಚನೆ ಹರಿಪ್ರಸಾದ್. ಮುದುಕರ ಇಪ್ಪತ್ತೆರಡು ಪಾಯಿಂಟಿಗಿಂತಲೂ ಅವನ ಹೆಸರು ಎರಡು ಪಾಯಿಂಟು ದೊಡ್ಡದಿತ್ತು.

ಸೇವಂತಿಗೆ ಮೈಯೆಲ್ಲ ಬೆಂಕಿ ಹತ್ತಿದಂತಾಯಿತು. ಮಾವ ಓದಿದ್ದು ಸರಿ. ತಮ್ಮ ನೆನಪಿಗಿಂತ ಪುಸ್ತಕವನ್ನೇ ನಂಬಿ, ಅಚ್ಚಾದದ್ದನ್ನು ಅಚ್ಚಾದ ಹಾಗೆ, ಒಂದಕ್ಷರ ತಪ್ಪದೆ ಓದಿದ್ದರು. ತಪ್ಪು ಹೇಳಿದ್ದು ಉಳಿದವರೆಲ್ಲ, ಅದರಲ್ಲಿ ತಾನೂ ಒಬ್ಬಳು. ಆ ಸಿಟ್ಟು ತನ್ನ ಮೇಲೂ ಇತ್ತು. ಆದರೆ ತನ್ನ ಮೇಲಿನ ಸಿಟ್ಟನ್ನು ಯಾರು ತಾನೆ ಹೆಚ್ಚು ಹೊತ್ತು ಇಟ್ಟುಕೊಳ್ಳುತ್ತಾರೆ? ಸಂಜೆಯೊಳಗೆ ಅದೂ ಸೇರಿ ಪೂರ್ತಿ ಹರಿಪ್ರಸಾದನ ಲೆಕ್ಕಕ್ಕೆ ಹೋಯಿತು.

“ಯಾರಿಗೂ ಹೇಳ್ಬೇಡ,” ಎಂದು ದೇವಕಿಯಮ್ಮನ ಬಾಯಿ ಕಟ್ಟಿ, ಸೋಮವಾರ ಮೊದಲ ಬಸ್ಸಿಗೆ ದರ್ಬೆಯಲ್ಲಿ ಇಳಿದಳು. ಮುನೀರಾಳ ಮೇಜಿನ ಮೇಲೆ ಪುಸ್ತಕವನ್ನು ದೊಪ್ಪನೆ ಹಾಕಿದಳು.

ಮುನೀರಾ ಬಿಡಿಸಿ ನೋಡಿ ಬಿಳಿಚಿಕೊಂಡಳು. ಆಮೇಲೆ ಅವಳ ಕಣ್ಣೂ ಕೆಂಪಾಯಿತು. “ನೌಷಾದ್!” ಎಂದು ಕೂಗಿದಳು.

ನೌಷಾದ್ ಒಳಗಿನಿಂದ ಬಂದ. ಅಕ್ಕ ಉಪ್ಪಿನಂಗಡಿಗೆ ಹೋದ ಶುಕ್ರವಾರ ಅಧ್ಯಕ್ಷರು ಬಂದಿದ್ದರಂತೆ. ಹಾಡು ಟೈಪಾಗಿ ಅವರ ಮೊಬೈಲಿನಲ್ಲೇ ಇತ್ತಂತೆ. ಒಂದು ಪುಟ ಮುಂದೆ ಸೇರಿಸುವುದಲ್ಲವಾ ಎಂದು ಸೇರಿಸಿದ್ದ.

“ನಾನು ಕೇಳಿದೆ ಟೀಚರ್. ಅವರು ವಾಟ್ಸಪ್ ಕೂಡ ಹಾಕಿದ್ದಾರೆ, ನೋಡಿ.” ಮೊಬೈಲು ಚಾಚಿದ. ‘ಮೊದಲನೇ ಹಾಡಾಗಿ ಹಾಕಿ. ಸೇವಂತಿಯಕ್ಕ ಒಪ್ಪಿದ್ದಾರೆ.’

“ಒಪ್ಪಿದ್ದೇನಾ ನಾನು? ಅವನ ತಲೆ!” ಎಂದಳು ಸೇವಂತಿ. ಬೀದಿಯ ತನಕ ಕೇಳಿರಬೇಕು.

“ತಪ್ಪು ನಂದೂ ಉಂಟು ಅಕ್ಕ,” ಎಂದಳು ಮುನೀರಾ. “ನಂಬ್ರ ತಾನೇ ಬರುವ ಹಾಗೆ ಇಟ್ಟಿದ್ದೆ. ಮುಂದೆ ಒಂದು ಹಾಡು ಸೇರಿದ ಕೂಡ್ಲೇ ಕಂಪ್ಯೂಟರು ಎಲ್ಲವನ್ನೂ ಒಂದೊಂದು ಮುಂದೆ ದೂಡಿತು. ಪುಟವೂ ಒಂದೇ ಸೇರಿದ್ದಕ್ಕೆ ಎಡದ್ದು ಬಲಕ್ಕೆ ಹೋಯ್ತು. ನಂಬ್ರವನ್ನು ಕೈಯಲ್ಲೇ ಹೊಡೆದು ಇಡ್ಬೇಕಿತ್ತು ನಾನು.” ಅಲ್ಲೇ ಕೂತು ಐವತ್ತೊಂದು ನಂಬ್ರವನ್ನೂ ಒಂದೊಂದಾಗಿ ಟೈಪು ಮಾಡತೊಡಗಿದಳು. ಗುರುವಾರದೊಳಗೆ ಹೊಸ ಹನ್ನೆರಡು ಪ್ರತಿಗಳನ್ನು ಕೊಡುತ್ತೇನೆ ಎಂದಳು.

“ಅವನ ಹಾಡು ಕಿತ್ತು ಬಿಸಾಡು.”

“ಹಾಡು ಎಂತ ತಪ್ಪು ಮಾಡಿದೆ ಅಕ್ಕ? ಕೊನೆಗೆ ಇರ್ಲಿ, ಐವತ್ತೆರಡು.” ಟೈಪು ಮಾಡುತ್ತಲೇ ಮುನೀರಾ ಮತ್ತೆ ಹೇಳಿದಳು, “ಮೊದಲು ಆ ಅಜ್ಜನಿಗೆ ಹೋಗಿ ಹೇಳಿ. ಪಾಪ.”

“ಬರೀ ಬಾಯಲ್ಲಿ ಹೇಳಿದ್ರೆ ಅವರು ನಂಬುದಿಲ್ಲ. ಸಮಾಧಾನಕ್ಕೆ ಹೇಳುದು ಅಂತ ತಿಳ್ಕೊಳ್ತಾರೆ. ಕಣ್ಣೆದುರೇ ಆಗ್ಬೇಕು.”

ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ವಾಪಸು ಬರುವ ಬಸ್ಸು ಮಾವನ ಮನೆಯ ಎದುರೇ ಹಾದುಹೋಗುತ್ತದೆ. ಜಗಲಿಯಲ್ಲಿ ಮಾವ ಕೂತದ್ದು ಕಿಟಕಿಯಿಂದ ಕಂಡಿತು. ಇಳಿಯಬೇಕೆಂದು ಸೇವಂತಿ ಕಂಬಿಗೆ ಕೈ ಹಾಕಿದಳು. ಇಳಿದು ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಹರಿಪ್ರಸಾದ್ ನುಣುಚಿಕೊಳ್ಳುತ್ತಾನೆ, ಡಿಟಿಪಿಯವರ ತಪ್ಪು ಎಂದು ಕೈ ತೊಳೆದುಕೊಳ್ಳುತ್ತಾನೆ. ಐದು ದಿನದ ಮಾತು ತಾನೆ ಎಂದುಕೊಂಡು ಕೈ ಹಿಂದಕ್ಕೆ ತೆಗೆದಳು.

ಶುಕ್ರವಾರ ಮಾವನೇ ಹೇಳಿ ಕಳಿಸಿದರು, ನಾಳೆ ತಾಳ ತಂದು ಒಪ್ಪಿಸುತ್ತೇನೆ, ಯಾರಾದರೂ ತೆಗೆದುಕೊಳ್ಳಲಿ ಎಂದು. ಅವರನ್ನು ಮಂದಿರಕ್ಕೆ ಕರೆಯುವ ಕೆಲಸವೂ ಸೇವಂತಿಗೆ ತಪ್ಪಿತು.

ಶನಿವಾರ ಮಂದಿರ ತುಂಬಿತ್ತು. ಮಾವ ಮುಂದಿನ ಸಾಲಿಗೆ ಬರಲಿಲ್ಲ, ಬಾಗಿಲ ಬಳಿ ಗೋಡೆಗೆ ಒರಗಿ ಕೂತರು. ಮಡಿಲಲ್ಲಿ ಬೈರಾಸಿನ ಗಂಟು ಇತ್ತು. ಗಡ್ಡ ತೆಗೆಯದೆ ವಾರವಾಗಿತ್ತು, ಮುಖ ಸೋತಿತ್ತು. ಸೇವಂತಿ ಅದನ್ನು ಕಂಡಳು, ಕಂಡೂ ನೋಟ ತಿರುಗಿಸಿದಳು. ಅವಳ ಲಕ್ಷ್ಯವೆಲ್ಲ ಹರಿಪ್ರಸಾದನ ಮೇಲಿತ್ತು. ಹೊಸ ಪುಸ್ತಕಗಳ ಚೀಲ ಅವಳ ಕಾಲಬುಡದಲ್ಲೇ ಇತ್ತು.

“ದೊಡ್ಡ ಪುಸ್ತಕ ಹೇಗಾಗಿದೆ ಅಂತ ಎಲ್ಲರಿಗೂ ತಿಳಿಯಲಿ,” ಎಂದಳು. “ಅಧ್ಯಕ್ಷರೇ ಅದನ್ನು ನೋಡಿ ಒಂದು ಹಾಡಲಿ.”

ಹರಿಪ್ರಸಾದನಿಗೆ ಇಷ್ಟು ಸಾಕಿತ್ತು. ಸೇವಂತಿ ಅವತ್ತು ಯಾರಿಗೂ ಹಂಚದೆ ಕಪಾಟಿನಲ್ಲೇ ಬಿಟ್ಟಿದ್ದ ದೊಡ್ಡ ಪುಸ್ತಕಗಳಲ್ಲಿ ಒಂದನ್ನು ತೆಗೆದು, ಮಾನಪತ್ರದ ಹಾಗೆ ಎದೆಗೆ ಹಿಡಿದು, ಮೈಕಿನ ಎದುರು ಕೂತ. ನಾಲ್ಕೈದು ಬಿಟ್ಟರೆ ಅವನಿಗೆ ಹಾಡು ಬಾಯಿಪಾಠವಿಲ್ಲವೆಂದು ಸೇವಂತಿಗೆ ಗೊತ್ತು.

“ನಂಬ್ರ ಮೂವತ್ತೊಂದು,” ಎಂದಳು.

ಅವನು ಬಿಡಿಸಿದ, ಗಂಟಲು ಸರಿ ಮಾಡಿಕೊಂಡ, ಕಣ್ಣು ಅರ್ಧ ಮುಚ್ಚಿ ಪಲ್ಲವಿ ಎತ್ತಿದ. ಅವನು ಎತ್ತಿದ್ದು ಶಿವನ ಹಾಡು. ಎಂಬತ್ತು ಬಾಯಿಗಳಿಂದ ವಾಪಸು ಬಂದದ್ದು ರಾಮನ ಹಾಡು. ಅವನು ನಿಲ್ಲಿಸಿದ. ಮತ್ತೆ ಎತ್ತಿದ. ಮತ್ತೆ ರಾಮನೇ ಬಂದ. ಈ ಸಲ ಕಿಸಕ್ಕು ಒಂದೇ ಅಲ್ಲ, ಹೆಂಗಸರ ಸಾಲಿಗೆ ಸಾಲೇ ನಕ್ಕಿತು.

“ಎಂತ ಅಧ್ಯಕ್ಷರೇ, ಮೂವತ್ತೊಂದು ಹೇಳಿದ್ದು,” ಎಂದಳು ಸೇವಂತಿ. “ನಿಮಗೂ ಮಂಡೆ ಹೋಯ್ತಾ?”

“ಇಲ್ಲಿ ಮೂವತ್ತೊಂದೇ ಉಂಟು ಸೇವಂತಿಯಕ್ಕ! ನೋಡಿ, ಇಷ್ಟು ದೊಡ್ಡದು ಅಚ್ಚಾಗಿದೆ!” ಎಂದು ಅವನು ಪುಸ್ತಕ ತಿರುಗಿಸಿ ತೋರಿಸಿದ.

“ಹೌದು, ಉಂಟು. ಕಳೆದ ವಾರ ಮಾವನ ಪುಸ್ತಕದಲ್ಲೂ ಇಪ್ಪತ್ತಮೂರೇ ಇತ್ತು.”

ಸೇವಂತಿ ಎದ್ದು ನಿಂತಳು. ಒಂದು ಕೈಯಲ್ಲಿ ಚಿಕ್ಕದು, ಒಂದು ಕೈಯಲ್ಲಿ ದೊಡ್ಡದು ಹಿಡಿದು ಎಲ್ಲವನ್ನೂ ಹೇಳಿದಳು. ಮೊದಲ ಪುಟ ಬಿಡಿಸಿ ತೋರಿಸಿದಳು. ಇದು ಡಿಟಿಪಿಯವರ ತಪ್ಪು ಎಂದು ಹರಿಪ್ರಸಾದ್ ಬಾಯಿ ತೆರೆದದ್ದೇ ತಡ, ನೌಷಾದನಿಂದ ಕಳಿಸಿಕೊಂಡಿದ್ದ ಅಧ್ಯಕ್ಷನ ವಾಟ್ಸಪ್ಪನ್ನು ಅವನದೇ ಮೈಕಿನಲ್ಲಿ ಓದಿದಳು. “ನಿನ್ನ ಒಂದು ಹಾಡನ್ನು ಮುಂದೆ ಕೂರಿಸ್ಲಿಕ್ಕೆ ಐವತ್ತೊಂದು ಹಾಡನ್ನು ದೂಡಿದ್ದಿ! ನಲವತ್ತು ವರ್ಷ ಹಾಡಿದವರನ್ನು ಹೊರಗೆ ಹಾಕಿದ್ದಿ! ಅಕ್ಷರ ಕಲಿಸಿದ್ದು ಇದಕ್ಕಾ ನಿನಗೆ?”

ಹರಿಪ್ರಸಾದ್ ತಲೆ ತಗ್ಗಿಸಿದ. “ಒಂದು ಪುಟ ಅಲ್ವಾ ಅಂತ ಮಾಡಿದ್ದು ಅಕ್ಕ. ನಂಬ್ರ ಹೋಗ್ತದೆ ಅಂತ ಗೊತ್ತಿರ್ಲಿಲ್ಲ,” ಎಂದ. ಧ್ವನಿ ಮೈಕಿಗೂ ಸಿಗಲಿಲ್ಲ. ಸೇವಂತಿಗೆ ಹೊಟ್ಟೆ ತಣ್ಣಗಾಯಿತು. ಐದು ದಿನ ಕಾದದ್ದು ಸಾರ್ಥಕವಾಯಿತು ಎಂದುಕೊಂಡು ಚೀಲದಿಂದ ಹೊಸ ಪುಸ್ತಕ ತೆಗೆದು ಬಾಗಿಲ ಬಳಿಗೆ ನಡೆದಳು.

ಚೆನ್ನಕೇಶವ ಮಾವ ಪುಸ್ತಕ ತೆಗೆದುಕೊಳ್ಳಲಿಲ್ಲ. ಮುಖ ಓರೆ ಮಾಡಿ, ಕಣ್ಣಂಚಿನಿಂದ ಅವಳನ್ನೇ ನೋಡಿದರು.

“ನಿನಗೆ ಇದು ಯಾವಾಗ ಗೊತ್ತಾಯ್ತು?”

“ಭಾನುವಾರ ಮಾವ. ದೇವಕಿಯಮ್ಮ ತಂದು ತೋರಿಸಿದ್ಲು.”

“ಇವತ್ತು ಶನಿವಾರ.”

ಸೇವಂತಿ ಪುಸ್ತಕವನ್ನು ಇನ್ನಷ್ಟು ಮುಂದೆ ಚಾಚಿದಳು.

“ಈ ವಾರ ಹೆಂಡತಿ ಒಲೆ ಆರಿಸಿದ್ದಾಳಾ ಅಂತ ನಾಲ್ಕು ನಾಲ್ಕು ಸಲ ಕೇಳಿದ್ದೇನೆ. ಮೊಮ್ಮಗಳ ಹೆಸರು ಹೇಳಿ ಹೇಳಿ ನೋಡಿದ್ದೇನೆ, ಮರೆತಿದ್ದೇನಾ ಅಂತ. ತೋಟಕ್ಕೆ ಒಬ್ಬನೇ ಇಳಿಯಲಿಲ್ಲ, ದಾರಿ ತಪ್ಪಿದ್ರೆ ಅಂತ ಹೆದರಿಕೆ.” ಮಾವ ಯಾವತ್ತೂ ಸ್ವರ ಏರಿಸಿದವರಲ್ಲ. ಅವತ್ತು ಏರಿಸಿದರು. “ಅವನಿಗೆ ಗೊತ್ತಿರ್ಲಿಲ್ಲ, ಗೊತ್ತಿಲ್ಲದೆ ಮಾಡಿದ. ನಿನಗೆ ಗೊತ್ತಿತ್ತು! ನನ್ನ ಮಂಡೆ ಸರಿ ಉಂಟು ಅಂತ ಗೊತ್ತಿದ್ದೂ ಆರು ದಿನ ಬಾಯಿ ಮುಚ್ಚಿ ಕೂತಿ. ಇವನ ಮರ್ಯಾದೆ ತೆಗೀಲಿಕ್ಕೆ ನಾನು ಬೇಕಾಯ್ತಾ ನಿನಗೆ?”

ಎಂಬತ್ತು ಜನ ಕೇಳುತ್ತಿದ್ದರು. ಸೇವಂತಿ ಸುತ್ತ ನೋಡಿದಳು. ಯಾರ ಮೇಲೆ ಸಿಟ್ಟಾಗಬೇಕೆಂದು ಹುಡುಕಿದಳು. ಯಾರೂ ಉಳಿದಿರಲಿಲ್ಲ.

ಮಾವ ಗೋಡೆ ಹಿಡಿದು ಎದ್ದರು. ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡು, ಮುಂದಿನ ಸಾಲಿಗೆ ಹೋಗಿ, ತಮ್ಮ ಜಾಗದಲ್ಲಿ ಕೂತು, ಮಣೆಯ ಮೇಲೆ ಅಗಲಕ್ಕೆ ಬಿಡಿಸಿಟ್ಟರು. ಬೈರಾಸಿನ ಗಂಟು ಬಿಚ್ಚಿ ತಾಳ ಹೊರಗೆ ತೆಗೆದರು. ಹಿಂದಿರುಗಿ ನೋಡದೆ, “ನಂಬ್ರ ಹೇಳು,” ಎಂದರು.

“ಇಪ್ಪತ್ತಮೂರು,” ಎಂದಳು ಸೇವಂತಿ, ಬಾಗಿಲ ಬಳಿ ನಿಂತಲ್ಲಿಂದಲೇ.

ಬೆರಳು ಮೂಲೆಯ ಅಂಕೆ ಮುಟ್ಟಿತು, ಕಪ್ಪು ಪಟ್ಟಿಗೆ ಜಾರಿತು. ದೋಣಿಯ ಪಲ್ಲವಿ ಎದ್ದಿತು. ಒಂದು, ಎರಡು, ಮೂರು, ನಾಲ್ಕು ಚರಣ, ಒಂದೂ ತಪ್ಪಲಿಲ್ಲ, ಹಾಳೆ ತಿರುಗಿಸುವ ಕೆಲಸವೂ ಬೀಳಲಿಲ್ಲ. ‘ಎಲ್ಲರೂ’ ಎಂದಿದ್ದಲ್ಲೆಲ್ಲ ಎಲ್ಲರೂ ಹಾಡಿದರು, ತಲೆ ತಗ್ಗಿಸಿ ಕೂತಿದ್ದ ಹರಿಪ್ರಸಾದನೂ ಹಾಡಿದ. ಸೇವಂತಿಯೂ ಬಾಯಿ ತೆರೆದಳು. ಆದರೆ ಸ್ವರ ಹೊರಡಲಿಲ್ಲ.